a − b ಮತ್ತು b − a: ಋಣ ಒಂದನ್ನು ಹೊರತೆಗೆದು, ಚಿಹ್ನೆ ತಪ್ಪದಂತೆ ಸಂಕ್ಷೇಪಿಸುವ ಕ್ರಮ

ಎಂಟನೇ ತರಗತಿಯ ಮಕ್ಕಳಿಂದ ಹಿಡಿದು ಪಿಯುಸಿ ಓದುವವರವರೆಗೆ, ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ತಂದೆ ತಾಯಿಯರವರೆಗೆ, ಹಲವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. (a − b)/(b − a) ಎಂಬ ಭಿನ್ನರಾಶಿಯಲ್ಲಿ ಮೇಲೂ ಕೆಳಗೂ ಅವೇ ಎರಡು ಅಕ್ಷರಗಳಿವೆ, ನಡುವೆ ಅದೇ ಕಳೆಯುವ ಚಿಹ್ನೆಯಿದೆ. ಹಾಗಿರುವಾಗ ಎರಡನ್ನೂ ಹೊಡೆದುಹಾಕಿದರೆ 1 ಏಕೆ ಬರುವುದಿಲ್ಲ, −1 ಎಲ್ಲಿಂದ ಬಂತು? ಕಾರಣ ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಚಿಕ್ಕದು. ಆದರೆ ಕಾರಣ ಚೆನ್ನಾಗಿ ಗೊತ್ತಿರುವವರೂ ಉದ್ದದ ಲೆಕ್ಕದ ನಡುವೆ ಈ ಜೋಡಿ ಬಂದಾಗ ಚಿಹ್ನೆಯನ್ನು ಕಳೆದುಕೊಳ್ಳುತ್ತಾರೆ. ಆ ಒಂದು ಹೆಜ್ಜೆಯನ್ನು ಕಾಗದದ ಮೇಲೆ ಬರೆಯದೆ ಮನಸ್ಸಿನಲ್ಲೇ ಮಾಡಿ ಮುಂದೆ ಹೋಗುವುದರಿಂದಲೇ ಹೀಗಾಗುತ್ತದೆ ಎಂಬುದು ಉತ್ತರಪತ್ರಿಕೆಗಳನ್ನು ತಿದ್ದುತ್ತಾ ನಾನು ಕಂಡುಕೊಂಡ ವಿಷಯ. ಆದ್ದರಿಂದ ಇಲ್ಲಿ ಆ ಹೆಜ್ಜೆಯನ್ನು ಬರೆದು ಮಾಡುವ ಕ್ರಮವನ್ನು ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ವಿವರಿಸುತ್ತೇನೆ.

ಆರಂಭಿಸುವ ಮೊದಲು

ನಾಲ್ಕು ಪದಗಳ ಅರ್ಥ ಸ್ಪಷ್ಟವಾಗಿರಲಿ. ಭಿನ್ನರಾಶಿಯ ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಕೂಡುವ ಅಥವಾ ಕಳೆಯುವ ಚಿಹ್ನೆಯಿಂದ ಬೇರೆಯಾಗಿ ನಿಂತಿರುವ ತುಣುಕು ಒಂದು ಪದ; ಗುಣಾಕಾರದಿಂದ ಜೊತೆಗೂಡಿರುವ ತುಣುಕು ಒಂದು ಅಪವರ್ತನ. x² − 5x + 6 ಎಂಬಲ್ಲಿ ಮೂರು ಪದಗಳಿವೆ. ಅದನ್ನೇ (x − 2)(x − 3) ಎಂದು ಬರೆದಾಗ ಎರಡು ಅಪವರ್ತನಗಳಿವೆ. ಭಿನ್ನರಾಶಿಯಲ್ಲಿ ಹೊಡೆದುಹಾಕಲು ನಮಗೆ ಹಕ್ಕಿರುವುದು ಅಪವರ್ತನಗಳನ್ನು ಮಾತ್ರ. (a − b)/(b − a) ಕಂಡ ಕೂಡಲೇ ಮೇಲಿನ a ಯನ್ನು ಕೆಳಗಿನ a ಯೊಂದಿಗೆ, ಮೇಲಿನ b ಯನ್ನು ಕೆಳಗಿನ b ಯೊಂದಿಗೆ ಹೊಡೆದುಹಾಕುವವರು ಪದಗಳನ್ನು ಹೊಡೆಯುತ್ತಿದ್ದಾರೆ. ಉತ್ತರ ಏನೇ ಬಂದರೂ ಆ ಕ್ರಮ ತಪ್ಪು.

ಈಗ ಕಾರಣಕ್ಕೆ ಬರೋಣ. a ಗೆ 7, b ಗೆ 3 ಎಂದು ಬೆಲೆ ಕೊಟ್ಟು ನೋಡಿ. a − b ಎಂದರೆ 4. b − a ಎಂದರೆ −4. ಗಾತ್ರ ಅದೇ, ಚಿಹ್ನೆ ಮಾತ್ರ ವಿರುದ್ಧ. ನಾಲ್ಕನ್ನು ಋಣ ನಾಲ್ಕರಿಂದ ಭಾಗಿಸಿದರೆ −1. ಬೇರೆ ಯಾವ ಎರಡು ಸಂಖ್ಯೆಗಳನ್ನು ತೆಗೆದುಕೊಂಡರೂ, ಅವೆರಡೂ ಒಂದೇ ಆಗಿರದಿದ್ದರೆ, ಇದೇ ಆಗುತ್ತದೆ, ಏಕೆಂದರೆ ಆವರಣದ ಹೊರಗಿನ −1 ಒಳಗಿನ ಪ್ರತಿಯೊಂದು ಪದವನ್ನೂ ಗುಣಿಸುತ್ತದೆ:

−1 × (a − b) = −a + b = b − a

ಈ ಸಾಲನ್ನು ಬಲದಿಂದ ಎಡಕ್ಕೆ ಓದಿದರೆ ನಮಗೆ ಬೇಕಾದ ಮಾತು ಸಿಗುತ್ತದೆ: b − a ಯಿಂದ −1 ಅನ್ನು ಹೊರತೆಗೆದರೆ ಒಳಗೆ ಉಳಿಯುವುದು a − b. ತರಗತಿಯಲ್ಲಿ ಇದನ್ನು "ಮೈನಸ್ ಕಾಮನ್ ತೆಗೆಯುವುದು" ಎನ್ನುತ್ತೇವೆ. ಹೀಗೆ ತೆಗೆದ ಮೇಲೆ ಮೇಲೂ ಕೆಳಗೂ ನಿಜವಾಗಿಯೂ ಒಂದೇ ಅಪವರ್ತನ ನಿಲ್ಲುತ್ತದೆ, ಅದನ್ನು ಹೊಡೆದುಹಾಕಬಹುದು, ಮತ್ತು −1 ಉಳಿಯುತ್ತದೆ. a ಮತ್ತು b ಸಮವಾಗಿದ್ದರೆ ಮಾತ್ರ ಛೇದ ಸೊನ್ನೆಯಾಗುತ್ತದೆ. ಆಗ ಭಿನ್ನರಾಶಿಗೇ ಅರ್ಥವಿಲ್ಲ.

ಹಂತಗಳು

ಉದಾಹರಣೆಯಾಗಿ ಈ ಲೆಕ್ಕವನ್ನು ತೆಗೆದುಕೊಳ್ಳೋಣ:

(9 − x²)/(x² − 5x + 6)

1. ಮೊದಲು ಅಂಶ ಮತ್ತು ಛೇದಗಳನ್ನು ಪೂರ್ತಿಯಾಗಿ ಅಪವರ್ತಿಸಿ, ಚಿಹ್ನೆಯ ಗೊಡವೆಗೆ ಈಗಲೇ ಹೋಗಬೇಡಿ. ಅಂಶವು ಎರಡು ವರ್ಗಗಳ ವ್ಯತ್ಯಾಸ, ಆದ್ದರಿಂದ ಅದು (3 − x)(3 + x). ಛೇದದಲ್ಲಿ ಗುಣಲಬ್ಧ 6, ಮೊತ್ತ −5 ಬರುವ ಎರಡು ಸಂಖ್ಯೆಗಳು −2 ಮತ್ತು −3, ಆದ್ದರಿಂದ ಅದು (x − 2)(x − 3). ಈಗ ಲೆಕ್ಕ ಹೀಗೆ ಕಾಣುತ್ತದೆ:

(3 − x)(3 + x) / (x − 2)(x − 3)

2. ಜೋಡಿಗಳನ್ನು ಗುರುತಿಸಿ, ಮತ್ತು ಪ್ರತಿ ಜೋಡಿ ಯಾವ ಬಗೆಯದು ಎಂದು ತೀರ್ಮಾನಿಸಿ. ಅವೇ ಪದಗಳಿರುವ ಎರಡು ಆವರಣಗಳು ಕಂಡರೆ ಮೂರು ಸಾಧ್ಯತೆಗಳಿವೆ. x + 3 ಮತ್ತು 3 + x ಇದ್ದರೆ ಅವು ಒಂದೇ. ಕೂಡುವಾಗ ಯಾವುದನ್ನು ಮೊದಲು ಬರೆದರೂ ವ್ಯತ್ಯಾಸವಿಲ್ಲ, ಹೊಡೆದರೆ 1 ಬರುತ್ತದೆ. x − 3 ಮತ್ತು 3 − x ಇದ್ದರೆ ಅವು ಪರಸ್ಪರ ವಿರುದ್ಧ ಚಿಹ್ನೆಯವು; ಹೊಡೆದರೆ −1. x + 3 ಮತ್ತು x − 3 ಇದ್ದರೆ ಅವುಗಳ ನಡುವೆ ಇಂಥ ಸಂಬಂಧವೇ ಇಲ್ಲ. ಒಂದರ ಒಂದು ಪದದ ಚಿಹ್ನೆ ಮಾತ್ರ ಬದಲಾಗಿದೆ, ಅವನ್ನು ಮುಟ್ಟುವಂತಿಲ್ಲ. ಪರೀಕ್ಷೆ ಸುಲಭ: ಒಂದು ಆವರಣದ ಎಲ್ಲ ಪದಗಳ ಚಿಹ್ನೆಗಳನ್ನೂ ತಿರುಗಿಸಿದಾಗ ಇನ್ನೊಂದು ಆವರಣ ಸಿಗುತ್ತದೆಯೇ? ಎಲ್ಲ ಪದಗಳೂ ತಿರುಗಬೇಕು. ಮೂರು ಪದಗಳಿರುವಲ್ಲಿ ಈ "ಎಲ್ಲ" ಎಂಬ ಮಾತನ್ನೇ ಜನ ಮರೆಯುತ್ತಾರೆ. a − b + c ಯ ವಿರುದ್ಧ b − a − c. ಅದು b − a + c ಅಲ್ಲ.

ನಮ್ಮ ಲೆಕ್ಕದಲ್ಲಿ 3 − x ಮತ್ತು x − 3 ವಿರುದ್ಧ ಜೋಡಿ. 3 + x ಗೆ ಜೊತೆಗಾರರಿಲ್ಲ, x − 2 ಗೂ ಇಲ್ಲ.

3. ಆ ಜೋಡಿಯ ಒಂದೇ ಒಂದು ಆವರಣದಿಂದ −1 ಅನ್ನು ಹೊರತೆಗೆದು, ಅದಕ್ಕಾಗಿ ಪ್ರತ್ಯೇಕ ಸಾಲು ಬರೆಯಿರಿ. ಇಡೀ ಕ್ರಮದ ಪ್ರಾಣ ಈ ಸಾಲು:

(−1)(x − 3)(3 + x) / (x − 2)(x − 3)

ಯಾವ ಆವರಣವನ್ನು ತಿರುಗಿಸಬೇಕು ಎಂದು ಕೇಳುತ್ತಾರೆ. ಗಣಿತದ ದೃಷ್ಟಿಯಿಂದ ಯಾವುದಾದರೂ ಸರಿ. ಆದರೆ ಚರಾಕ್ಷರ, ಅಂದರೆ x ನಂಥ ಬದಲಾಗುವ ಬೆಲೆಯ ಅಕ್ಷರ, ಹಿಂದೆ ಬಿದ್ದಿರುವ ಆವರಣವನ್ನೇ ತಿರುಗಿಸುವ ರೂಢಿ ಇಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ x ಮೊದಲಿರುವ ರೂಪದಲ್ಲಿ ನಡೆಯುತ್ತದೆ, ಕಣ್ಣಿಗೂ ಹಿತ. ಎಚ್ಚರ ವಹಿಸಬೇಕಾದದ್ದು ಎರಡನ್ನೂ ತಿರುಗಿಸದಿರುವುದರಲ್ಲಿ. ಮೇಲಿನ 3 − x ಅನ್ನು −(x − 3) ಮಾಡಿ, "ಕೆಳಗೂ ಹಾಗೆಯೇ ಮಾಡಬೇಕಲ್ಲವೇ" ಎಂದು x − 3 ಅನ್ನು −(3 − x) ಮಾಡಿದರೆ, ಜೋಡಿ ಮತ್ತೆ ಮೊದಲಿನಂತೆಯೇ ವಿರುದ್ಧವಾಗಿ ನಿಲ್ಲುತ್ತದೆ. ಮಾಡಿದ ಕೆಲಸ ವ್ಯರ್ಥ.

−1 ಅನ್ನು ಆವರಣದೊಳಗೇ ಇಟ್ಟು ಬರೆಯಿರಿ ಎಂದು ನಾನು ಹಟ ಹಿಡಿಯುತ್ತೇನೆ. ಬರಿಯ ಗೆರೆಯಾಗಿ ಬರೆದ ಋಣ ಚಿಹ್ನೆ ಮುಂದಿನ ಸಾಲಿಗೆ ನಕಲು ಮಾಡುವಾಗ ಕಳೆದುಹೋಗುತ್ತದೆ, ಅಥವಾ ಪಕ್ಕದ ಪದದಿಂದ ಕಳೆಯುವ ಚಿಹ್ನೆಯಂತೆ ಕಾಣುತ್ತದೆ. (−1) ಎಂದು ಬರೆದರೆ ಅದು ಉಳಿದ ಅಪವರ್ತನಗಳ ಸಾಲಿನಲ್ಲಿ ತಾನೂ ಒಂದು ಅಪವರ್ತನವಾಗಿ ಕಾಣುತ್ತದೆ, ಮರೆಯಲು ಬಿಡುವುದಿಲ್ಲ.

4. ಹೊಡೆಯುವ ಮೊದಲು ಒಮ್ಮೆ ಹಿಂದಕ್ಕೆ ಗುಣಿಸಿ ನೋಡಿ. (−1)(x − 3) ಅನ್ನು ಬಿಡಿಸಿದರೆ −x + 3, ಅಂದರೆ 3 − x. ಮೂಲದಲ್ಲಿದ್ದದ್ದು ಅದೇ. ಇದಕ್ಕೆ ಬೇಕಾಗುವುದು ಕೆಲವೇ ಕ್ಷಣ, ಆದರೆ −1 ಹೊರತೆಗೆದ ಮೇಲೂ ಒಳಗೆ 3 − x ಎಂದೇ ಬರೆದುಬಿಡುವ ತಪ್ಪನ್ನು ಇದು ಇಲ್ಲಿಯೇ ಹಿಡಿಯುತ್ತದೆ.

5. ಈಗ ಒಂದೇ ಆಗಿರುವ ಅಪವರ್ತನಗಳನ್ನು ಹೊಡೆದುಹಾಕಿ. ಮೇಲಿನ x − 3 ಮತ್ತು ಕೆಳಗಿನ x − 3 ಹೋಗುತ್ತವೆ. ಉಳಿಯುವುದು:

(−1)(x + 3) / (x − 2)

ಎಲ್ಲವೂ ಹೊಡೆದುಹೋಗುವ ಲೆಕ್ಕಗಳಲ್ಲಿ, ಉದಾಹರಣೆಗೆ (a − b)/(b − a) ಯಲ್ಲಿಯೇ, "ಏನೂ ಉಳಿಯಲಿಲ್ಲ" ಎಂದು 0 ಬರೆಯುವವರಿದ್ದಾರೆ. ಹೊಡೆದುಹಾಕುವುದು ಎಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಭಾಗಿಸುವುದು, ಭಾಗಲಬ್ಧ 1. ಆದ್ದರಿಂದ ಹೊಡೆದ ಜಾಗದಲ್ಲಿ ಚಿಕ್ಕದಾಗಿ 1 ಎಂದು ಬರೆದುಕೊಳ್ಳಿ. ಆಗ ಉಳಿಯುವುದು (−1) × 1, ಅಂದರೆ −1 ಎಂಬುದು ಕಣ್ಣೆದುರೇ ಇರುತ್ತದೆ.

6. ಋಣ ಚಿಹ್ನೆಯನ್ನು ಎಲ್ಲಿ ಇಡುತ್ತೀರಿ ಎಂದು ನಿರ್ಧರಿಸಿ, ಅಲ್ಲಿಗೆ ಆವರಣ ಹಾಕಿ. ನಮ್ಮ ಉತ್ತರವನ್ನು ಮೂರು ರೀತಿಯಲ್ಲಿ ಬರೆಯಬಹುದು, ಮೂರೂ ಸರಿ:

−(x + 3)/(x − 2)
(−x − 3)/(x − 2)
(x + 3)/(2 − x)

ಮೊದಲನೆಯದರಲ್ಲಿ ಚಿಹ್ನೆ ಇಡೀ ಭಿನ್ನರಾಶಿಯ ಮುಂದಿದೆ; ಎರಡನೆಯದರಲ್ಲಿ ಅದು ಅಂಶದ ಎರಡೂ ಪದಗಳಿಗೆ ಹೋಗಿದೆ; ಮೂರನೆಯದರಲ್ಲಿ ಛೇದಕ್ಕೆ ಹೋಗಿ ಅದನ್ನು ತಿರುಗಿಸಿದೆ. ಛೇದಕ್ಕೆ ಹೋಗಲು ಹೇಗೆ ಸಾಧ್ಯ ಎಂದರೆ, ಅಂಶ ಛೇದಗಳೆರಡನ್ನೂ −1 ರಿಂದ ಗುಣಿಸಿದರೆ ಭಿನ್ನರಾಶಿಯ ಬೆಲೆ ಬದಲಾಗುವುದಿಲ್ಲ. ಪುಸ್ತಕದ ಕೊನೆಯ ಉತ್ತರದಲ್ಲಿ (x + 3)/(2 − x) ಎಂದಿದ್ದು ನಿಮಗೆ −(x + 3)/(x − 2) ಬಂದಿದ್ದರೆ, ದಯವಿಟ್ಟು ಸರಿಯಾದ ಲೆಕ್ಕವನ್ನು ಹೊಡೆದು ಮತ್ತೆ ಮಾಡಲು ಕೂರಬೇಡಿ.

ಆದರೆ (−x + 3)/(x − 2) ಎಂಬುದು ಈ ಮೂರರಲ್ಲಿ ಯಾವುದೂ ಅಲ್ಲ. ಎಲ್ಲ ಹಂತಗಳನ್ನೂ ಸರಿಯಾಗಿ ಮಾಡಿ ಕೊನೆಯ ಸಾಲಿನಲ್ಲಿ ಬೀಳುವ ತಪ್ಪು ಇದು: −1 ಅನ್ನು x + 3 ರ ಮುಂದೆ ಆವರಣವಿಲ್ಲದೆ ಬರೆದಾಗ ಅದು x ಗೆ ಮಾತ್ರ ಅಂಟಿಕೊಂಡು 3 ಹಾಗೆಯೇ ಉಳಿಯುತ್ತದೆ. ಭಿನ್ನರಾಶಿಯ ಗೆರೆ ಒಂದು ಆವರಣದ ಕೆಲಸ ಮಾಡುತ್ತದೆ ನಿಜ, ಆದರೆ ಋಣ ಚಿಹ್ನೆಯನ್ನು ಗೆರೆಯ ಮೇಲಕ್ಕೆ ತಂದ ಕ್ಷಣ ಆ ರಕ್ಷಣೆ ತಪ್ಪಿಹೋಗುತ್ತದೆ.

7. ಒಂದು ಸಂಖ್ಯೆ ಹಾಕಿ ತಾಳೆ ನೋಡಿ. x ಗೆ 5 ಎಂದು ಕೊಡೋಣ. ಮೂಲದಲ್ಲಿ ಅಂಶ 9 − 25 = −16, ಛೇದ 25 − 25 + 6 = 6, ಬೆಲೆ −16/6, ಅಂದರೆ −8/3. ಉತ್ತರದಲ್ಲಿ −(5 + 3)/(5 − 2), ಅಂದರೆ −8/3. ತಾಳೆಯಾಯಿತು. ಮೇಲೆ ಹೇಳಿದ ತಪ್ಪು ರೂಪದಲ್ಲಿ (−5 + 3)/3, ಅಂದರೆ −2/3 ಬರುತ್ತಿತ್ತು. ತಪ್ಪು ತಕ್ಷಣ ಗೊತ್ತಾಗುತ್ತಿತ್ತು.

ತಾಳೆಗೆ 0 ಅನ್ನು ಆರಿಸಬೇಡಿ. ಸುಲಭವೆಂದು ಹಲವರು ಅದನ್ನೇ ಹಾಕುತ್ತಾರೆ, ಆದರೆ x ನ ಚಿಹ್ನೆ ತಪ್ಪಾಗಿದ್ದರೆ 0 ಅದನ್ನು ಮುಚ್ಚಿಹಾಕುತ್ತದೆ. −(x + 3) ಅನ್ನು ಯಾರಾದರೂ x − 3 ಎಂದು ಬರೆದಿದ್ದರೆ, x = 0 ಆದಾಗ ಎರಡರ ಬೆಲೆಯೂ −3; ತಪ್ಪು ಉತ್ತರವೂ ತಾಳೆಯಾಗಿಬಿಡುತ್ತದೆ. ಛೇದವನ್ನು ಸೊನ್ನೆ ಮಾಡುವ 2 ಮತ್ತು 3 ಕೂಡ ಬೇಡ. ಅಂದ ಹಾಗೆ, x − 3 ಅನ್ನು ಹೊಡೆದುಹಾಕಿದ ಮೇಲೆ ಉತ್ತರದಲ್ಲಿ x = 3 ಹಾಕಿದರೆ −6 ಬರುತ್ತದೆ, ಆದರೆ ಮೂಲದಲ್ಲಿ 0/0 ಬರುತ್ತದೆ, ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ಉತ್ತರದ ಪಕ್ಕದಲ್ಲಿ x ≠ 2, x ≠ 3 ಎಂದು ಬರೆಯುವುದು ಸರಿಯಾದ ಕ್ರಮ.

ಘಾತವಿದ್ದಾಗ

ಆವರಣದ ಮೇಲೆ ಘಾತವಿದ್ದರೆ −1 ಗೂ ಅದೇ ಘಾತ ಬರುತ್ತದೆ. (b − a)² ಎಂದರೆ [(−1)(a − b)]², ಅಂದರೆ (−1)²(a − b)². ಋಣ ಒಂದರ ವರ್ಗ 1 ಆದ್ದರಿಂದ (b − a)² ಮತ್ತು (a − b)² ಒಂದೇ. ಘನವಾದರೆ (−1)³ = −1, ಚಿಹ್ನೆ ಉಳಿಯುತ್ತದೆ. ಸಮ ಘಾತದಲ್ಲಿ ಋಣ ಮಾಯ, ಬೆಸ ಘಾತದಲ್ಲಿ ಋಣ ಉಳಿಕೆ.

ಇದರಿಂದ ಒಂದು ಉಪಯೋಗವಿದೆ. (a − b)³/(b − a)² ಬಂದರೆ ಸಮ ಘಾತವಿರುವ ಕೆಳಗಿನ ಆವರಣವನ್ನು ತಿರುಗಿಸಿ; −1 ಬರೆಯುವ ಅಗತ್ಯವೇ ಇಲ್ಲದೆ ಉತ್ತರ a − b. ಅದೇ (a − b)²/(b − a) ಬಂದರೆ ಮೇಲಿನದನ್ನು (b − a)² ಎಂದು ಬರೆದುಕೊಳ್ಳಿ, ಉತ್ತರ b − a. ಇಲ್ಲಿ ಕೆಲವರು ಕೆಳಗಿನದನ್ನು ತಿರುಗಿಸಿ −(a − b) ಎಂದು ಪಡೆಯುತ್ತಾರೆ; ಅದೂ b − a ಯೇ.

ಒಂದಕ್ಕಿಂತ ಹೆಚ್ಚು ವಿರುದ್ಧ ಜೋಡಿಗಳಿದ್ದಾಗಲೂ ಇದೇ ಎಣಿಕೆ. ಪ್ರತಿ ಜೋಡಿಗೆ ಒಂದು (−1) ಬರೆದು, ಕೊನೆಯಲ್ಲಿ ಎಷ್ಟಿವೆ ಎಂದು ಎಣಿಸಿ. (a − b)(c − d) ಅನ್ನು (b − a)(d − c) ಯಿಂದ ಭಾಗಿಸಿದರೆ ಎರಡು (−1) ಗಳು, ಗುಣಿಸಿದರೆ 1. "ತಿರುಗಿಸಿದ್ದೇವೆ, ಆದ್ದರಿಂದ ಮೈನಸ್ ಇರಲೇಬೇಕು" ಎಂದು ಅಂದಾಜಿನ ಮೇಲೆ ಚಿಹ್ನೆ ಹಾಕಬೇಡಿ.

ಕೂಡುವ ಲೆಕ್ಕದಲ್ಲಿ

x/(x − 2) + 2/(2 − x) ಎಂಬ ಲೆಕ್ಕ ಕೊಟ್ಟರೆ ಬಹುತೇಕರು ಲ.ಸಾ.ಅ., ಅಂದರೆ ಎರಡೂ ಛೇದಗಳಿಗೆ ಸಾಮಾನ್ಯವಾದ ಛೇದ, (x − 2)(2 − x) ಎಂದು ತೆಗೆದುಕೊಳ್ಳುತ್ತಾರೆ. ಅದರಿಂದ ಉತ್ತರ ಬರುವುದಿಲ್ಲವೆಂದಲ್ಲ. ಅಂಶ −x² + 4x − 4 ಎಂದು ಬೆಳೆದು, ಅದನ್ನು ಮತ್ತೆ ಅಪವರ್ತಿಸಬೇಕಾಗುತ್ತದೆ, ದಾರಿಯಲ್ಲಿ ಚಿಹ್ನೆ ತಪ್ಪಲು ನಾಲ್ಕಾರು ಅವಕಾಶ ಸಿಗುತ್ತದೆ. ಎರಡನೇ ಛೇದದಿಂದ ಮೊದಲೇ −1 ತೆಗೆದರೆ 2/(2 − x) ಎಂಬುದು −2/(x − 2) ಆಗುತ್ತದೆ. ಎರಡು ಭಿನ್ನರಾಶಿಗಳ ನಡುವಿನ ಕೂಡುವ ಚಿಹ್ನೆ ಕಳೆಯುವ ಚಿಹ್ನೆಯಾಗುತ್ತದೆ, ಛೇದ ಒಂದೇ ಆಗುತ್ತದೆ:

x/(x − 2) − 2/(x − 2) = (x − 2)/(x − 2) = 1

ಎರಡನೇ ಭಿನ್ನರಾಶಿಯ ಅಂಶದಲ್ಲಿ ಒಂದಕ್ಕಿಂತ ಹೆಚ್ಚು ಪದಗಳಿದ್ದರೆ ಕಳೆಯುವ ಚಿಹ್ನೆಯ ಮುಂದೆ ಆವರಣ ಹಾಕಲೇಬೇಕು. ಉದಾಹರಣೆಗೆ ಅಲ್ಲಿ 2 ರ ಬದಲು x + 1 ಇದ್ದಿದ್ದರೆ ಮುಂದಿನ ಸಾಲಿನ ಅಂಶ x − (x + 1) ಆಗುತ್ತಿತ್ತು, ಅಂದರೆ −1. ಆವರಣ ಬಿಟ್ಟು x − x + 1 ಎಂದು ಬರೆದವರಿಗೆ 1 ಬರುತ್ತದೆ.

ಪಿಯುಸಿಯಲ್ಲಿ ಇದೇ ಹೆಜ್ಜೆ

ಮೊದಲ ಪಿಯುಸಿಯ ಸೀಮೆ ಮತ್ತು ನಿಷ್ಪನ್ನಗಳ ಪಾಠದಲ್ಲಿ 1/x ನ ನಿಷ್ಪನ್ನ, ಅಂದರೆ x ಬದಲಾದಂತೆ ಅದರ ಬೆಲೆ ಬದಲಾಗುವ ದರ, −1/x² ಎಂದು ಕಲಿಯುತ್ತೀರಿ. ಆ ಋಣ ಚಿಹ್ನೆ ಹುಟ್ಟುವುದು ನಾವು ಈವರೆಗೆ ನೋಡಿದ ಜೋಡಿಯಿಂದಲೇ. x ಮತ್ತು a ಎಂಬ ಎರಡು ಬಿಂದುಗಳ ನಡುವಿನ ಬದಲಾವಣೆಯನ್ನು ಹೀಗೆ ಬರೆಯುತ್ತೇವೆ:

(1/x − 1/a) / (x − a)

ಅಂಶದ ಎರಡು ಭಿನ್ನರಾಶಿಗಳನ್ನು ಸೇರಿಸಿದರೆ (a − x)/(ax). x ಕೆಳಗಿದ್ದದ್ದರಿಂದ ಅಡ್ಡ ಗುಣಾಕಾರದಲ್ಲಿ a ಮೊದಲು ಬಂತು ಎಂಬುದನ್ನು ಗಮನಿಸಿ. ಅವಸರದಲ್ಲಿ ಅದನ್ನು x − a ಎಂದು ಬರೆದುಕೊಳ್ಳುವವರಿಗೆ ನಿಷ್ಪನ್ನ 1/x² ಎಂದು ಬರುತ್ತದೆ. ಸರಿಯಾಗಿ ಬರೆದರೆ:

(a − x) / [ax(x − a)] = (−1)(x − a) / [ax(x − a)] = −1/(ax)

x ಗೆ 4, a ಗೆ 2 ಹಾಕಿ ತಾಳೆ ನೋಡಿ: ಮೂಲದಲ್ಲಿ (1/4 − 1/2) ಅನ್ನು 2 ರಿಂದ ಭಾಗಿಸಿದರೆ −1/8, ಉತ್ತರದಲ್ಲಿಯೂ −1/8. ಇನ್ನು x ಅನ್ನು a ಯ ಹತ್ತಿರಕ್ಕೆ ತಂದಾಗ −1/(ax) ಎಂಬುದು −1/a² ಆಗುತ್ತದೆ. x ಹೆಚ್ಚಿದಂತೆ 1/x ಕಡಿಮೆಯಾಗುತ್ತದೆ, ಆದ್ದರಿಂದ ಬದಲಾವಣೆಯ ದರ ಋಣವಾಗಿಯೇ ಇರಬೇಕು. ನಿಮ್ಮ ಸಾಲಿನಲ್ಲಿ ಋಣ ಚಿಹ್ನೆ ಕಾಣದಿದ್ದರೆ a − x ಇರುವ ಸಾಲಿಗೆ ಹಿಂತಿರುಗಿ, (−1) ಬರೆದಿದ್ದೀರಾ ನೋಡಿ.